ಫೋಟೋದಲ್ಲಿ ಬಂದ ಕೀಗಳನ್ನು ಹ್ಯಾಶ್ ಟೇಬಲ್‌ಗೆ ಹಾಕುವುದು: ಲೀನಿಯರ್ ಪ್ರೋಬಿಂಗ್ ಹೆಜ್ಜೆ ಹೆಜ್ಜೆಯಾಗಿ

ಹಾಸನದಲ್ಲಿ ಸಂಜೆ ನನ್ನ ಹತ್ತಿರ ಡೇಟಾ ಸ್ಟ್ರಕ್ಚರ್ಸ್ ಹೇಳಿಸಿಕೊಳ್ಳಲು ಬರುವ ಮಕ್ಕಳಲ್ಲಿ ಹೆಚ್ಚಿನವರು ಆಲೂರು, ಅರಕಲಗೂಡು, ಬೇಲೂರು ಕಡೆಯವರು. ಕಾಲೇಜು ಮುಗಿದ ತಕ್ಷಣ ಬಸ್ ಹಿಡಿಯಬೇಕು. ಬೋರ್ಡ್ ಮೇಲಿನ ಲೆಕ್ಕವನ್ನು ಬರೆದುಕೊಳ್ಳುವಷ್ಟು ಹೊತ್ತು ಇರುವುದಿಲ್ಲ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಆಮೇಲೆ ಆ ಫೋಟೋ ವಾಟ್ಸಾಪ್ ಗುಂಪಿನಲ್ಲಿ ಸುತ್ತುತ್ತದೆ. ಒಂದೇ ಫೋಟೋ ನೋಡಿ ಇಬ್ಬರು ಎರಡು ಬೇರೆ ಟೇಬಲ್ ಬರೆದುಕೊಂಡು ಬರುತ್ತಾರೆ.

ಆಲೂರಿನ ಹುಡುಗಿಯೊಬ್ಬಳು ಹೀಗೇ ಬಂದಳು. "ಸರ್, ನನ್ನ ಟೇಬಲ್‌ಗೂ ನನ್ನ ಫ್ರೆಂಡ್ ಟೇಬಲ್‌ಗೂ ತಾಳೆ ಆಗ್ತಿಲ್ಲ. ಇಬ್ರೂ ಎರಡೆರಡು ಸಲ ಮಾಡಿದೀವಿ" ಅಂದಳು. ಇಬ್ಬರ ನೋಟ್‌ಬುಕ್ಕೂ ನೋಡಿದೆ. ಭಾಗಾಕಾರ ಇಬ್ಬರದೂ ಸರಿ ಇತ್ತು. ಫೋಟೋದಲ್ಲಿ ಇದ್ದದ್ದು ಇಷ್ಟು:

```
25   43   14
62   38   54
33   27   70

h(k) = (3k + 1) mod 11
```

ಪಕ್ಕದಲ್ಲಿ 0 ರಿಂದ 10 ರವರೆಗೆ ನಂಬರ್ ಹಾಕಿದ ಖಾಲಿ ಟೇಬಲ್ ಒಂದಿತ್ತು. ಈ ಒಂದು ಲೆಕ್ಕವನ್ನೇ ಇಟ್ಟುಕೊಂಡು, ಫೋಟೋ ಓದುವುದರಿಂದ ಹಿಡಿದು ಉತ್ತರ ಸರಿಯೋ ತಪ್ಪೋ ಎಂದು ನೀವೇ ನೋಡಿಕೊಳ್ಳುವವರೆಗೆ ಪೂರ್ತಿ ಹೇಳುತ್ತೇನೆ. ಚೌಕಾಬಾರದಲ್ಲಿ ಕರೆಯುವ ಹಾಗೆ ಟೇಬಲ್‌ನ ಒಂದೊಂದು ಜಾಗವನ್ನೂ ಇಲ್ಲಿ ಮನೆ ಎಂದು ಕರೆಯುತ್ತೇನೆ. ಒಂದು ಕೀಗೆ ಹ್ಯಾಶ್ ಫಂಕ್ಷನ್ ತೋರಿಸುವ ಮನೆ ಅದರ ಸ್ವಂತ ಮನೆ.

ಮೊದಲು ಫೋಟೋ ಓದಿ

ಪೆನ್ ಹಿಡಿಯುವ ಮುಂಚೆ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಮೂರು ಸಂಗತಿ ಖಚಿತವಾಗಬೇಕು: ಕೀಗಳ ಕ್ರಮ, ಅಂಕಿಗಳು, ಮತ್ತು ಟೇಬಲ್‌ನಲ್ಲಿ ಎಷ್ಟು ಮನೆಗಳಿವೆ ಎನ್ನುವುದು.

ಕ್ರಮದ ವಿಷಯ ಎಲ್ಲಕ್ಕಿಂತ ಮುಖ್ಯ. ಒಂಬತ್ತು ಕೀಗಳನ್ನು ಮೂರು ಸಾಲಿನಲ್ಲಿ ಬರೆದಿದ್ದರೆ ಅಡ್ಡಕ್ಕೆ ಓದಬೇಕೋ, ಮೇಲಿನಿಂದ ಕೆಳಕ್ಕೆ ಓದಬೇಕೋ? ಅಡ್ಡಕ್ಕೆ ಓದಿದರೆ 25, 43, 14, 62 ಎಂದು ಹೋಗುತ್ತದೆ. ಕೆಳಕ್ಕೆ ಓದಿದರೆ 25, 62, 33, 43 ಎಂದು ಹೋಗುತ್ತದೆ. ಆ ಇಬ್ಬರು ಹುಡುಗಿಯರ ನಡುವೆ ಆಗಿದ್ದೂ ಇದೇ. ಒಬ್ಬಳು ಅಡ್ಡಕ್ಕೆ ಓದಿದ್ದಳು, ಇನ್ನೊಬ್ಬಳು ಕೆಳಕ್ಕೆ. ಇಂಥ ಕಡೆ ಕಾಮಾ ಹುಡುಕಿ. ಅಡ್ಡಕ್ಕೆ ಎರಡು ಅಂಕಿಗಳ ನಡುವೆ ಕಾಮಾ ಇದ್ದು, ಸಾಲಿನ ಕೊನೆಯ ಅಂಕಿ ಆದ ಮೇಲೂ ಒಂದು ಕಾಮಾ ಇದ್ದರೆ, ಪಟ್ಟಿ ಮುಂದಿನ ಸಾಲಿಗೆ ಹರಿದಿದೆ ಎಂದು ಅರ್ಥ. ಈ ಫೋಟೋದಲ್ಲಿ 14 ರ ಪಕ್ಕ ಸೀಮೆಸುಣ್ಣದ ಒಂದು ಸಣ್ಣ ಗೀರು ಇತ್ತು. ದೊಡ್ಡದು ಮಾಡಿದಾಗ ಅದು ಕಾಮಾ ಎಂದು ಗೊತ್ತಾಯಿತು. ಹಾಗಾಗಿ ಅಡ್ಡಕ್ಕೆ ಓದುವುದೇ ಸರಿ.

ಅಂಕಿಗಳಲ್ಲಿ ಮೋಸ ಮಾಡುವುದು ಬಹುಪಾಲು 1 ಮತ್ತು 7. ಆಮೇಲೆ 0 ಮತ್ತು 6. ಅನುಮಾನ ಬಂದ ಅಂಕಿಯನ್ನು ಒಂದೇ ಸಮನೆ ದಿಟ್ಟಿಸಿ ನೋಡುತ್ತಾ ಕೂತರೆ ಪ್ರಯೋಜನವಿಲ್ಲ. ಅದೇ ಫೋಟೋದಲ್ಲಿ, ಅದೇ ಕೈಬರಹದಲ್ಲಿ, ಅನುಮಾನವೇ ಇಲ್ಲದ 1 ಎಲ್ಲಿದೆ ಹುಡುಕಿ. ಇಲ್ಲಿ `mod 11` ರಲ್ಲಿ ಎರಡು ಇವೆ, ಪಕ್ಕದ ಟೇಬಲ್ 10 ಕ್ಕೆ ಮುಗಿಯುವುದರಿಂದ ಅವು 1 ಎಂದು ಖಾತ್ರಿ. ಅವುಗಳ ಪಕ್ಕ 27 ರ ಕೊನೆಯ ಅಂಕಿಯನ್ನು ಇಟ್ಟು ನೋಡಿ. ತಲೆಯ ಮೇಲಿನ ಗೆರೆ ಎಷ್ಟು ಉದ್ದ, ಕಾಲು ಎಷ್ಟು ಓರೆ ಎನ್ನುವುದರಿಂದ ತಿಳಿಯುತ್ತದೆ.

ಒಂದು ಅಂಕಿ ತಪ್ಪಾದರೆ ಒಂದು ಕೀ ಮಾತ್ರ ತಪ್ಪಾಗುತ್ತದೆ, ಅರ್ಧ ಮಾರ್ಕ್ ಹೋದೀತು ಎಂದುಕೊಳ್ಳಬೇಡಿ. ಲೀನಿಯರ್ ಪ್ರೋಬಿಂಗ್‌ನಲ್ಲಿ ಒಬ್ಬರು ತಪ್ಪು ಜಾಗದಲ್ಲಿ ಕೂತರೆ ಹಿಂದೆ ಬಂದವರೂ ಜಾಗ ಬದಲಿಸುತ್ತಾರೆ. 27 ನ್ನು 21 ಎಂದು ಓದಿದರೆ ಏನಾಗುತ್ತದೆ ಎಂದು ಮುಂದೆ ತೋರಿಸುತ್ತೇನೆ.

ಇನ್ನು ಟೇಬಲ್‌ನ ಅಳತೆ. ಫೋಟೋದಲ್ಲಿ ಮನೆಗಳನ್ನು ಎಣಿಸಿ. 0 ಯಿಂದ 10 ಎಂದರೆ 11 ಮನೆ. ಹ್ಯಾಶ್ ಫಂಕ್ಷನ್‌ನಲ್ಲಿ `mod 11` ಇದೆ. ಎರಡೂ ಹೊಂದಿಕೊಂಡವು. ಅಕಸ್ಮಾತ್ `mod 17` ಎಂದು ಕಂಡು, ಟೇಬಲ್‌ನಲ್ಲಿ 11 ಮನೆ ಮಾತ್ರ ಇದ್ದರೆ, ನೀವು ಅಂಕಿ ತಪ್ಪಾಗಿ ಓದಿದ್ದೀರಿ. ಯಾಕೆಂದರೆ ಆಗ ಕೆಲವು ಕೀಗಳಿಗೆ ಟೇಬಲ್‌ನಲ್ಲೇ ಇಲ್ಲದ ಮನೆ ಸಿಗುತ್ತದೆ. ಇದರ ಉಲ್ಟಾ ಮಾತ್ರ ನಿಜವಾಗಿಯೂ ಬರುತ್ತದೆ. 10 ಮನೆ ಇರುವ ಟೇಬಲ್ ಕೊಟ್ಟು `k mod 7` ಎಂದು ಕೇಳುವುದುಂಟು. ಆಗ ಸ್ವಂತ ಮನೆಗಳು 0 ರಿಂದ 6 ರವರೆಗೆ ಮಾತ್ರ. 7, 8, 9 ರಲ್ಲಿ ಕೂರುವವರೆಲ್ಲ ತಳ್ಳಿಸಿಕೊಂಡು ಬಂದವರು. ಇಂಥ ಲೆಕ್ಕದಲ್ಲಿ ಸ್ವಂತ ಮನೆಗೆ 7 ರಿಂದ ಭಾಗಿಸಬೇಕು, ಆದರೆ ಮುಂದೆ ಸಾಗುವಾಗ 9 ದಾಟಿದ ಮೇಲೆಯೇ 0 ಗೆ ಬರಬೇಕು. 6 ದಾಟಿದ ಕೂಡಲೇ 0 ಗೆ ಹಾರುವ ತಪ್ಪನ್ನು ಬಹಳ ಜನ ಮಾಡುತ್ತಾರೆ.

ಕ್ರಮ ಗೊತ್ತಾದ ಮೇಲೆ ಪ್ರತಿ ಕೀ ಪಕ್ಕ 1, 2, 3 ಎಂದು ಕ್ರಮಸಂಖ್ಯೆ ಬರೆದು ಪಟ್ಟಿಯನ್ನು ನೋಟ್‌ಬುಕ್‌ಗೆ ಇಳಿಸಿ. ಇದು ಬೇಡದ ಕೆಲಸ ಎನ್ನಿಸಬಹುದು. ಕೊನೆಯಲ್ಲಿ ಉತ್ತರ ತಾಳೆ ನೋಡಲು ಇದೇ ಬೇಕಾಗುತ್ತದೆ.

ಎಲ್ಲರ ಸ್ವಂತ ಮನೆ ಮೊದಲೇ ಬರೆದಿಟ್ಟುಕೊಳ್ಳಿ

ಒಂದು ಕೀ ತೆಗೆದು, ಲೆಕ್ಕ ಮಾಡಿ, ಟೇಬಲ್‌ಗೆ ಹಾಕಿ, ಮತ್ತೆ ಮುಂದಿನದಕ್ಕೆ ಹೋಗುವುದು ಸಾಮಾನ್ಯ ಅಭ್ಯಾಸ. ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ಮೊದಲು ಒಂಬತ್ತೂ ಕೀಗಳ ಸ್ವಂತ ಮನೆ ಕಂಡುಹಿಡಿದು ಬಿಡಿ. ಆಗ ಭಾಗಾಕಾರದ ತಪ್ಪು ಒಂದು ಕಡೆ, ಕೂರಿಸುವ ತಪ್ಪು ಇನ್ನೊಂದು ಕಡೆ ಉಳಿಯುತ್ತದೆ. ಎರಡೂ ಬೆರೆತರೆ ಹುಡುಕುವುದು ಕಷ್ಟ.

25 ಕ್ಕೆ: 3 × 25 + 1 = 76. 11 × 6 = 66. ಶೇಷ 10. ಹಾಗಾಗಿ 25 ರ ಸ್ವಂತ ಮನೆ 10.

ಕ್ಯಾಲ್ಕುಲೇಟರ್ ಒತ್ತಿದರೆ 76 ÷ 11 = 6.909 ಎಂದು ಬರುತ್ತದೆ. ಕೆಲವರು 6 ಬರೆಯುತ್ತಾರೆ, ಕೆಲವರು ಬಿಂದುವಿನ ನಂತರದ 9 ಬರೆಯುತ್ತಾರೆ. ಎರಡೂ ಶೇಷ ಅಲ್ಲ. ಬಿಂದುವಿನ ಮುಂಚಿನ 6 ನ್ನು 11 ರಿಂದ ಗುಣಿಸಿ 76 ರಲ್ಲಿ ಕಳೆಯಬೇಕು.

ಹೀಗೆ ಒಂಬತ್ತನ್ನೂ ಮಾಡಿದರೆ ಪಟ್ಟಿ ಇಷ್ಟಾಗುತ್ತದೆ:

| ಕ್ರಮ | ಕೀ | 3k + 1 | ಸ್ವಂತ ಮನೆ |
|---|---|---|---|
| 1 | 25 | 76 | 10 |
| 2 | 43 | 130 | 9 |
| 3 | 14 | 43 | 10 |
| 4 | 62 | 187 | 0 |
| 5 | 38 | 115 | 5 |
| 6 | 54 | 163 | 9 |
| 7 | 33 | 100 | 1 |
| 8 | 27 | 82 | 5 |
| 9 | 70 | 211 | 2 |

ಇಲ್ಲಿ ಒಂದು ಸಣ್ಣ ಪರೀಕ್ಷೆ ಇದೆ. 11 ರಿಂದ ಭಾಗಿಸಿದಾಗ ಒಂದೇ ಶೇಷ ಬಿಡುವ ಕೀಗಳಿಗೆ ಸ್ವಂತ ಮನೆಯೂ ಒಂದೇ ಆಗಿರಬೇಕು. 25 ಮತ್ತು 14 ರ ನಡುವಿನ ವ್ಯತ್ಯಾಸ 11. ಇಬ್ಬರಿಗೂ 10 ಬಂದಿದೆ, ಸರಿ. 54 ಮತ್ತು 43 ರ ವ್ಯತ್ಯಾಸವೂ 11. ಇಬ್ಬರಿಗೂ 9. 38 ಮತ್ತು 27 ಕ್ಕೂ ಹಾಗೇ, ಇಬ್ಬರಿಗೂ 5. ಮೂರು ಜೋಡಿಯೂ ಹೊಂದಿದವು. ಇನ್ನು ಮುಂದಕ್ಕೆ ಹೋಗಬಹುದು.

ಯಾರಾದರೂ `mod 12` ಎಂದು ಓದಿಬಿಟ್ಟರೆ ಅದೂ ಇದೇ ಹಂತದಲ್ಲಿ ಕಾಣುತ್ತದೆ. 12 ನ್ನು 3 ಭಾಗಿಸುತ್ತದೆ. ಹಾಗಾಗಿ 3k + 1 ರ ಶೇಷ 1, 4, 7, 10 ಬಿಟ್ಟು ಬೇರೆ ಬರುವುದೇ ಇಲ್ಲ. ಒಂಬತ್ತು ಕೀಗಳೂ ನಾಲ್ಕೇ ಮನೆಗೆ ಮುಗಿಬಿದ್ದರೆ ಫೋಟೋ ಮತ್ತೊಮ್ಮೆ ನೋಡಿ.

ಈಗ ಕೂರಿಸುವುದು

ನಿಯಮ ಒಂದೇ. ಸ್ವಂತ ಮನೆ ಖಾಲಿ ಇದ್ದರೆ ಅಲ್ಲೇ ಕೂರಬೇಕು. ಇಲ್ಲದಿದ್ದರೆ ಒಂದೊಂದೇ ಮನೆ ಮುಂದೆ ಹೋಗಿ ಮೊದಲು ಸಿಕ್ಕ ಖಾಲಿ ಮನೆಯಲ್ಲಿ ಕೂರಬೇಕು. 10 ಆದ ಮೇಲೆ 0. ಎಷ್ಟು ಮನೆ ಮುಂದೆ ಹೋಯಿತು ಎನ್ನುವುದನ್ನು ಕೀ ಪಕ್ಕ ಬರೆಯುತ್ತಾ ಹೋಗಿ. ಇದನ್ನು ಜರುಗು ಎನ್ನೋಣ.

25 ನೇರ 10 ಕ್ಕೆ ಹೋಗಿ ಕೂತಿತು. 43 ನೇರ 9 ಕ್ಕೆ. ಇಬ್ಬರ ಜರುಗೂ ಸೊನ್ನೆ.

14 ರ ಸ್ವಂತ ಮನೆ 10. ಅಲ್ಲಿ 25 ಇದೆ. ಮುಂದಿನ ಮನೆ 11 ಅಲ್ಲ, 0. ಅದು ಖಾಲಿ ಇದೆ. 14 ಅಲ್ಲಿ ಕೂತಿತು. ಜರುಗು 1.

ಇಲ್ಲಿ ಒಂದು ನಿಮಿಷ ನಿಲ್ಲಿ. ಡಿಕ್ಕಿ ಆದಾಗ ಕೆಲವರು ಕೀಗೆ 1 ಕೂಡಿಸಿ ಮತ್ತೆ ಹ್ಯಾಶ್ ಮಾಡುತ್ತಾರೆ. ಅಂದರೆ `h(k) + 1` ಬದಲು `h(k + 1)`. 14 ಕ್ಕೆ ಹಾಗೆ ಮಾಡಿದರೆ 3 × 15 + 1 = 46, ಶೇಷ 2. ಒಂದು ಮನೆ ಮುಂದೆ ಹೋಗುವ ಬದಲು ಮೂರು ಮನೆ ಹಾರಿಬಿಟ್ಟಿತು. ಈ ತಪ್ಪು ಬಹಳ ದಿನ ಅಡಗಿ ಕೂತಿರುತ್ತದೆ. ಯಾಕೆಂದರೆ ಹ್ಯಾಶ್ ಫಂಕ್ಷನ್ ಸುಮ್ನೆ `k mod m` ಇದ್ದು, ಟೇಬಲ್‌ನ ಮನೆಗಳೂ m ಇದ್ದರೆ ಎರಡು ದಾರಿಯಲ್ಲೂ ಒಂದೇ ಉತ್ತರ ಬರುತ್ತದೆ. k ಗೆ ಮುಂದೆ 3 ಅಥವಾ 2 ಗುಣಿಸಿದ ದಿನ ಮಾತ್ರ ಟೇಬಲ್ ಹಾಳಾಗುತ್ತದೆ. ಹ್ಯಾಶ್ ಫಂಕ್ಷನ್ ಒಂದು ಕೀಗೆ ಒಂದೇ ಸಲ ಸಾಕು. ಆಮೇಲೆ ಮನೆಯ ನಂಬರಿಗೆ ಮಾತ್ರ 1 ಕೂಡಿಸುತ್ತಾ ಹೋಗಿ.

62 ರ ಸ್ವಂತ ಮನೆ 0. ಅಲ್ಲಿ ಈಗ 14 ಕೂತಿದೆ. 14 ರ ಸ್ವಂತ ಮನೆ ಅದಲ್ಲ, ಆದರೂ ಮೊದಲು ಬಂದವರನ್ನು ಎಬ್ಬಿಸುವ ಹಾಗಿಲ್ಲ. 62 ಮುಂದಿನ ಮನೆ 1 ಕ್ಕೆ ಹೋಯಿತು. ಜರುಗು 1. 62 ಕ್ಕೂ 14 ಕ್ಕೂ ಹ್ಯಾಶ್ ಬೇರೆ ಬೇರೆ, ಆದರೂ ಡಿಕ್ಕಿ ಆಯಿತು. ಬೇರೆ ಬೇರೆ ಮನೆಯವರು ಒಂದೇ ಸಾಲಿಗೆ ಅಂಟಿಕೊಳ್ಳುತ್ತಾ ಹೋಗುವುದು ಲೀನಿಯರ್ ಪ್ರೋಬಿಂಗ್‌ನ ಸ್ವಭಾವ. ಇದಕ್ಕೆ ಪ್ರೈಮರಿ ಕ್ಲಸ್ಟರಿಂಗ್ ಎನ್ನುತ್ತಾರೆ.

38 ನೇರ 5 ಕ್ಕೆ. ಜರುಗು 0.

54 ರ ಸ್ವಂತ ಮನೆ 9. ಅಲ್ಲಿ 43. 10 ರಲ್ಲಿ 25. 0 ಯಲ್ಲಿ 14. 1 ರಲ್ಲಿ 62. 2 ಖಾಲಿ. ನಾಲ್ಕು ಮನೆ ಜರುಗಿ 2 ರಲ್ಲಿ ಕೂತಿತು. ಇಷ್ಟು ಹೊತ್ತಿಗೆ ಟೇಬಲ್‌ನ ಅರ್ಧ ಮಾತ್ರ ತುಂಬಿದೆ, ಆದರೂ ಇಷ್ಟು ದೂರ ನಡೆಯಬೇಕಾಯಿತು. ತುಂಬಿದ ಮನೆಗಳಲ್ಲಿ ನಾಲ್ಕು ಒಂದರ ಪಕ್ಕ ಒಂದು ಇದ್ದದ್ದೇ ಕಾರಣ.

33 ರ ಸ್ವಂತ ಮನೆ 1. ಅಲ್ಲಿ 62, 2 ರಲ್ಲಿ ಈಗ ತಾನೇ ಬಂದ 54. 33 ಹೋಗಿ 3 ರಲ್ಲಿ ಕೂತಿತು. ಜರುಗು 2. ಮುಂದಿನದು 27. 5 ರಲ್ಲಿ 38 ಇರುವುದರಿಂದ ಅದು 6 ಕ್ಕೆ. ಜರುಗು 1. ಕೊನೆಗೆ 70. ಸ್ವಂತ ಮನೆ 2, ಅಲ್ಲಿ 54. 3 ರಲ್ಲಿ 33. 4 ಖಾಲಿ. ಜರುಗು 2.

```
0    1    2    3    4    5    6    7    8    9    10
14   62   54   33   70   38   27   -    -    43   25
```

ಜರುಗುಗಳನ್ನು ಕೂಡಿಸಿ: 0 + 0 + 1 + 1 + 0 + 4 + 2 + 1 + 2 = 11. ಈ 11 ನ್ನು ಪಕ್ಕಕ್ಕೆ ಬರೆದಿಡಿ. ಟೇಬಲ್‌ನ ಅಳತೆಯೂ 11 ಇರುವುದು ಇಲ್ಲಿ ಕಾಕತಾಳೀಯ, ಸಂಬಂಧವಿಲ್ಲ. ಪ್ರಶ್ನೆಯಲ್ಲಿ ಒಟ್ಟು ಪ್ರೋಬ್ ಎಷ್ಟು ಎಂದು ಕೇಳಿದರೆ ಪ್ರತಿ ಕೀಗೂ ಸ್ವಂತ ಮನೆ ನೋಡಿದ್ದನ್ನು ಸೇರಿಸಬೇಕು. 11 + 9 = 20 ಪ್ರೋಬ್. ಡಿಕ್ಕಿ ಎಷ್ಟು ಎಂದು ಕೇಳಿದಾಗ ಮಾತ್ರ ಹುಷಾರು. ಕೆಲವರು ಪ್ರತಿ ತುಂಬಿದ ಮನೆಯನ್ನೂ ಒಂದು ಡಿಕ್ಕಿ ಎಂದು ಎಣಿಸುತ್ತಾರೆ, ಆಗ 11. ಕೆಲವರು ಸ್ವಂತ ಮನೆ ಸಿಗದ ಕೀಗಳನ್ನು ಮಾತ್ರ ಎಣಿಸುತ್ತಾರೆ, ಆಗ 6. ನಿಮ್ಮ ಕ್ಲಾಸಿನಲ್ಲಿ ಯಾವ ರೀತಿ ಎಣಿಸುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಉತ್ತರದಲ್ಲಿ ಹೇಗೆ ಎಣಿಸಿದ್ದೀರಿ ಎಂದು ಒಂದು ಸಾಲು ಬರೆದುಬಿಡಿ.

ಕೆಳಕ್ಕೆ ಓದಿದವಳ ಟೇಬಲ್

ಈಗ ಗೆಳತಿಯ ಟೇಬಲ್ ನೋಡೋಣ. ಅವಳ ಕ್ರಮ 25, 62, 33, 43, 38, 27, 14, 54, 70. ಸ್ವಂತ ಮನೆಗಳು ಬದಲಾಗುವುದಿಲ್ಲ, ಬರುವ ಸರದಿ ಮಾತ್ರ ಬೇರೆ. 25, 62, 33, 43, 38 ಐದೂ ನೇರವಾಗಿ ಸ್ವಂತ ಮನೆಯಲ್ಲೇ ಕೂರುತ್ತವೆ. 27 ಒಂದು ಮನೆ ಜರುಗಿ 6 ಕ್ಕೆ. ಆಮೇಲೆ ಬಂದ 14 ಕ್ಕೆ 10, 0, 1 ಮೂರೂ ತುಂಬಿವೆ, ಅದು 2 ಕ್ಕೆ ಹೋಗುತ್ತದೆ. 54 ಐದು ಮನೆ ಜರುಗಿ 3 ಕ್ಕೆ. 70 ಎರಡು ಜರುಗಿ 4 ಕ್ಕೆ.

```
0    1    2    3    4    5    6    7    8    9    10
62   33   14   54   70   38   27   -    -    43   25
```

ಎರಡೂ ಟೇಬಲ್ ಪಕ್ಕ ಪಕ್ಕ ಇಟ್ಟು ನೋಡಿ. 0, 1, 2, 3 ರಲ್ಲಿ ಕೂತವರು ಅದಲು ಬದಲಾಗಿದ್ದಾರೆ. ಆದರೆ ಖಾಲಿ ಮನೆಗಳು ಎರಡರಲ್ಲೂ 7 ಮತ್ತು 8. ಜರುಗಿನ ಮೊತ್ತ ಇಲ್ಲಿ 1 + 3 + 5 + 2 = 11. ಅಲ್ಲೂ 11, ಇಲ್ಲೂ 11.

ಇದು ಈ ಒಂದು ಲೆಕ್ಕದಲ್ಲಿ ತಾನಾಗಿ ಆದದ್ದಲ್ಲ. ಲೀನಿಯರ್ ಪ್ರೋಬಿಂಗ್‌ನಲ್ಲಿ ಕೀಗಳನ್ನು ಯಾವ ಕ್ರಮದಲ್ಲಿ ಹಾಕಿದರೂ ತುಂಬುವ ಮನೆಗಳು ಅವೇ, ಒಟ್ಟು ಜರುಗೂ ಅಷ್ಟೇ. ಕಾರಣ ಸರಳ. ಒಂದು ಖಾಲಿ ಮನೆಗೆ ಇಬ್ಬರು ಬಂದರೆ ಯಾರು ಕೂತರೂ ಇನ್ನೊಬ್ಬರು ಅಲ್ಲಿಂದ ಒಂದು ಮನೆ ಮುಂದೆ ಹೋಗಲೇಬೇಕು. ಮುಂದೆ ಹೋಗುವವರ ಹೆಸರು ಬದಲಾಗುತ್ತದೆ, ಎಷ್ಟು ಜನ ಮುಂದೆ ಹೋದರು ಎನ್ನುವುದು ಬದಲಾಗುವುದಿಲ್ಲ.

ಇದರಿಂದ ನಮಗೆ ಎರಡು ಉಪಯೋಗ. ಫೋಟೋದಲ್ಲಿ ಕ್ರಮ ಎಷ್ಟೇ ಮಸುಕಾಗಿದ್ದರೂ ಯಾವ ಮನೆಗಳು ಖಾಲಿ ಉಳಿಯುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ಎರಡನೆಯದು, ಅವೇ ಕೀಗಳನ್ನು ಬೇಕಾದ ಕ್ರಮದಲ್ಲಿ, ಉದಾಹರಣೆಗೆ ಕೊನೆಯಿಂದ ಮೊದಲಿಗೆ, ರಫ್ ಹಾಳೆಯಲ್ಲಿ ಮತ್ತೊಮ್ಮೆ ಹಾಕಿ. ಖಾಲಿ ಮನೆ ಬೇರೆ ಬಂದರೆ, ಅಥವಾ ಮೊತ್ತ 11 ಬರದಿದ್ದರೆ, ಎರಡರಲ್ಲಿ ಒಂದು ಕಡೆ ಕೂರಿಸುವಾಗ ತಪ್ಪಿದ್ದೀರಿ.

ಈ ತಾಳೆ ಯಾವುದನ್ನು ಹಿಡಿಯುವುದಿಲ್ಲ

ಅಂಕಿಯನ್ನೇ ತಪ್ಪಾಗಿ ಓದಿದ್ದರೆ ಎರಡು ಸಲವೂ ಅದೇ ತಪ್ಪು ಅಂಕಿ ಹಾಕುತ್ತೀರಿ. ಮೊತ್ತ ತಾನಾಗಿ ಹೊಂದಿಕೊಳ್ಳುತ್ತದೆ. 27 ನ್ನು 21 ಎಂದು ಓದಿದರೆ ಅದರ ಸ್ವಂತ ಮನೆ 9 ಆಗುತ್ತದೆ. 9, 10, 0, 1, 2, 3 ಎಲ್ಲ ತುಂಬಿವೆ. ಆರು ಮನೆ ಜರುಗಿ 4 ಕ್ಕೆ ಬರುತ್ತದೆ. ಆಮೇಲೆ ಬರುವ 70 ಕ್ಕೆ 4 ಸಿಗುವುದಿಲ್ಲ. 5 ರಲ್ಲಿ 38 ಇದೆ. ಅದು 6 ಕ್ಕೆ ಹೋಗುತ್ತದೆ. ಒಂದು ಅಂಕಿ ತಪ್ಪಿ ಎರಡು ಕೀಗಳ ಜಾಗ ತಪ್ಪಿತು, ಜರುಗಿನ ಮೊತ್ತ 11 ಇದ್ದದ್ದು 18 ಆಯಿತು. ಆದರೆ ತುಂಬಿದ ಮನೆಗಳು ಅವೇ ಉಳಿದವು ನೋಡಿ. ಗೆಳೆಯರ ಉತ್ತರದ ಜೊತೆ ಹೋಲಿಸುವಾಗ ಖಾಲಿ ಮನೆ ಒಂದೇ ಇದೆ ಎಂದು ಸಮಾಧಾನಪಟ್ಟರೆ ಸಾಲದು, ಮೊತ್ತವನ್ನೂ ಹೋಲಿಸಿ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಹ್ಯಾಶ್ ಫಂಕ್ಷನ್‌ನ `+ 1` ನ್ನು `+ 7` ಎಂದು ಓದಿದಿರಿ ಅಂದುಕೊಳ್ಳಿ. ಪ್ರತಿಯೊಬ್ಬರ ಸ್ವಂತ ಮನೆಯೂ ಸರಿಯಾಗಿ 6 ಮನೆ ಮುಂದೆ ಹೋಗುತ್ತದೆ. 25 ರದ್ದು 10 ಇದ್ದದ್ದು 5 ಆಗುತ್ತದೆ. ಟೇಬಲ್ ಒಂದು ಚಕ್ರ ಇದ್ದ ಹಾಗೆ ಇರುವುದರಿಂದ ಇಡೀ ಉತ್ತರ 6 ಮನೆ ತಿರುಗಿ ಕೂರುತ್ತದೆ. ಎಲ್ಲರ ಜರುಗೂ ಹಿಂದಿನದೇ, ಮೊತ್ತವೂ 11. ಒಬ್ಬರ ಟೇಬಲ್ ಇನ್ನೊಬ್ಬರದರ ಸುತ್ತಿಸಿದ ರೂಪದಂತೆ ಕಂಡರೆ ಕೂಡಿಸಿದ ಅಂಕಿಯನ್ನು ಫೋಟೋದಲ್ಲಿ ಮತ್ತೆ ನೋಡಿ. ತಪ್ಪು ಅಲ್ಲೇ ಇರುತ್ತದೆ.

ವಿಟಿಯು ಮೂರನೇ ಸೆಮಿಸ್ಟರ್ ಲ್ಯಾಬ್‌ನಲ್ಲಿ ನಾಲ್ಕಂಕಿಯ ಉದ್ಯೋಗಿ ಕೀ ಮತ್ತು ಎರಡಂಕಿಯ ವಿಳಾಸದ ಪ್ರೋಗ್ರಾಂ ಒಂದು ಬರುತ್ತದೆ ಅಲ್ವಾ? ಅಲ್ಲಿ m ಗೆ 100 ಕೊಟ್ಟರೆ `k mod 100` ಅಂದರೆ ಕೀಯ ಕೊನೆಯ ಎರಡು ಅಂಕಿಗಳೇ. 4137 ಆಗಲಿ, 4737 ಆಗಲಿ, ಹೋಗುವುದು 37 ಕ್ಕೇ. ಮೊದಲ ಎರಡು ಅಂಕಿ ತಪ್ಪಾಗಿ ಓದಿದರೆ ಜಾಗ ಸರಿಯಾಗಿಯೇ ಬರುತ್ತದೆ, ಒಳಗಿನ ಕೀ ಮಾತ್ರ ತಪ್ಪು. ಯಾವ ಲೆಕ್ಕದ ತಾಳೆಯೂ ಅದನ್ನು ಹಿಡಿಯದು. ಫೋಟೋದ ಜೊತೆ ಒಂದೊಂದೇ ಅಂಕಿ ಹೋಲಿಸುವುದೇ ದಾರಿ.

ಕ್ರಮವನ್ನೂ ಸೇರಿಸಿ ನೋಡುವ ತಾಳೆ

ಮೊತ್ತದ ತಾಳೆ ಅಡ್ಡಕ್ಕೆ ಓದಿದವಳನ್ನೂ ಕೆಳಕ್ಕೆ ಓದಿದವಳನ್ನೂ ಒಪ್ಪಿಕೊಂಡಿತು. ಇಬ್ಬರಲ್ಲಿ ಯಾರದು ಸರಿ ಎಂದು ಹೇಳಲು ಇನ್ನೊಂದು ಬೇಕು. ಕೀ ಪಕ್ಕ ಬರೆದ ಕ್ರಮಸಂಖ್ಯೆ ಈಗ ಕೆಲಸಕ್ಕೆ ಬರುತ್ತದೆ.

ಸಿದ್ಧವಾದ ಟೇಬಲ್‌ನಲ್ಲಿ ಒಂದೊಂದೇ ಕೀ ತೆಗೆದುಕೊಳ್ಳಿ. ಅದರ ಸ್ವಂತ ಮನೆಯಿಂದ ಅದು ಕೂತ ಮನೆಯ ಹಿಂದಿನ ಮನೆಯವರೆಗೆ ಬೆರಳು ಇಟ್ಟು ಸಾಗಿ. ದಾರಿಯಲ್ಲಿ ಸಿಕ್ಕ ಪ್ರತಿ ಮನೆಯೂ ತುಂಬಿರಬೇಕು, ಅಲ್ಲಿರುವ ಪ್ರತಿ ಕೀಯ ಕ್ರಮಸಂಖ್ಯೆಯೂ ಈ ಕೀಗಿಂತ ಚಿಕ್ಕದಿರಬೇಕು. ಎಲ್ಲ ಕೀಗಳಿಗೂ ಹೀಗಾದರೆ ಟೇಬಲ್ ಪೂರ್ತಿ ಸರಿ. ಇನ್ನೇನೂ ನೋಡಬೇಕಿಲ್ಲ.

ಮೊದಲ ಟೇಬಲ್‌ನಲ್ಲಿ 54 ನೋಡಿ. ಕ್ರಮಸಂಖ್ಯೆ 6. ಸ್ವಂತ ಮನೆ 9, ಕೂತದ್ದು 2. ದಾರಿಯಲ್ಲಿ 43, 25, 14, 62. ಅವುಗಳ ಕ್ರಮ 2, 1, 3, 4. ಎಲ್ಲ 6 ಕ್ಕಿಂತ ಚಿಕ್ಕವು. ಸರಿ. 70 ರ ದಾರಿಯಲ್ಲಿ 54 ಮತ್ತು 33. ಕ್ರಮ 6 ಮತ್ತು 7, 70 ರದ್ದು 9. ಅದೂ ಸರಿ.

ಈಗ ಕೆಳಕ್ಕೆ ಓದಿದ ಟೇಬಲ್‌ಗೆ ಅಡ್ಡಸಾಲಿನ ಕ್ರಮಸಂಖ್ಯೆ ಹಚ್ಚಿ ನೋಡಿ. 14 ರ ಕ್ರಮ 3. ಸ್ವಂತ ಮನೆ 10, ಕೂತದ್ದು 2. ದಾರಿಯಲ್ಲಿ 25, ಸರಿ. ಆಮೇಲೆ 0 ಯಲ್ಲಿ 62, ಅದರ ಕ್ರಮ 4. ಮೂರನೆಯದಾಗಿ ಬಂದ ಕೀಗೆ ನಾಲ್ಕನೆಯದು ಅಡ್ಡ ಬರಲು ಹೇಗೆ ಸಾಧ್ಯ? ತಪ್ಪು ಅಲ್ಲೇ ಸಿಕ್ಕಿತು. ಆಲೂರಿನ ಹುಡುಗಿ ಇದನ್ನು ನೋಡಿ, "ಹಾಗಾದ್ರೆ ಪೂರ್ತಿ ಮತ್ತೆ ಮಾಡೋದೇ ಬೇಡ ಅಲ್ವಾ ಸರ್?" ಅಂದಳು. ಬೇಡ. ಪರೀಕ್ಷೆಯ ಕೊನೆಯ ನಿಮಿಷಗಳಲ್ಲಿ ಮತ್ತೆ ಮೊದಲಿನಿಂದ ಹಾಕುವುದಕ್ಕಿಂತ ಇದು ಬೇಗ ಆಗುತ್ತದೆ. ಜರುಗು ಸೊನ್ನೆ ಇರುವ ಕೀಗಳನ್ನು ನೋಡುವ ಅಗತ್ಯವೂ ಇಲ್ಲ.

ಅದನ್ನೇ ಸಿ ಭಾಷೆಯಲ್ಲಿ

```c
int insert(int ht[], int m, int key)
{
    int home = (3 * key + 1) % m;
    for (int i = 0; i < m; i++) {
        int j = (home + i) % m;
        if (ht[j] == -1) {
            ht[j] = key;
            return i;
        }
    }
    return -1;
}
```

ಈ ಫಂಕ್ಷನ್ ಜರುಗನ್ನೇ ವಾಪಸ್ ಕೊಡುತ್ತದೆ. ನಮ್ಮ ಒಂಬತ್ತು ಕೀಗಳನ್ನು m = 11 ಕೊಟ್ಟು ಅಡ್ಡಸಾಲಿನ ಕ್ರಮದಲ್ಲಿ ಹಾಕಿದರೆ 0, 0, 1, 1, 0, 4, 2, 1, 2 ಬರಬೇಕು. -1 ಬಂದರೆ ಟೇಬಲ್ ತುಂಬಿದೆ. ಲೂಪ್ m ಸಲ ಮಾತ್ರ ಸುತ್ತುವುದು ಅದಕ್ಕೇ. ಆ ಮಿತಿ ಇಲ್ಲದೆ ಬರೀ ಖಾಲಿ ಮನೆ ಸಿಗುವವರೆಗೆ ಎಂದು ಬರೆದರೆ, ತುಂಬಿದ ಟೇಬಲ್‌ನಲ್ಲಿ ಪ್ರೋಗ್ರಾಂ ಸುತ್ತುತ್ತಲೇ ಇರುತ್ತದೆ.

ಶುರುವಿನಲ್ಲಿ `ht` ನ ಎಲ್ಲ ಮನೆಗೂ -1 ತುಂಬಿರಬೇಕು. ತುಂಬದೆ 0 ಇದ್ದರೆ ಮೊದಲ ಕೀಗೇ -1 ವಾಪಸ್ ಬರುತ್ತದೆ. ಖಾಲಿ ಟೇಬಲ್ "ತುಂಬಿದೆ" ಎಂದು ಹೇಳಿದರೆ ಕಾರಣ ಇದೇ. ಇನ್ನು ಆವರಣ ಚಿಹ್ನೆ. `3 * key + 1 % m` ಎಂದು ಬರೆದರೆ ಸಿ ಮೊದಲು `1 % m` ಮಾಡುತ್ತದೆ, ಅದು 1. 25 ಕ್ಕೆ ಸ್ವಂತ ಮನೆ 76 ಆಗುತ್ತದೆ. ಮುಂದಿನ ಸಾಲಿನ `(home + i) % m` ಅದನ್ನು ಮತ್ತೆ 10 ಕ್ಕೆ ತರುವುದರಿಂದ ಇಲ್ಲಿ ಟೇಬಲ್ ಸರಿಯಾಗಿಯೇ ಬಂದುಬಿಡುತ್ತದೆ. ಆದರೆ ಸ್ವಂತ ಮನೆಯನ್ನು ಪ್ರಿಂಟ್ ಮಾಡಿದರೆ 76 ಕಾಣುತ್ತದೆ, ಅಥವಾ ನೇರವಾಗಿ `ht[home]` ನೋಡಿದರೆ ಟೇಬಲ್‌ನ ಆಚೆಗೆ ಕೈ ಹಾಕಿದ ಹಾಗಾಗುತ್ತದೆ.

ಒಂದೇ ಕೀ ಎರಡು ಸಲ ಬಂದರೆ ಈ ಕೋಡ್ ಎರಡನ್ನೂ ಕೂರಿಸುತ್ತದೆ. ಫೋಟೋದಲ್ಲಿ ಒಂದೇ ಸಂಖ್ಯೆ ಎರಡು ಸಲ ಕಂಡರೆ ಮೊದಲು ಅಂಕಿಯನ್ನೇ ಅನುಮಾನಿಸಿ.

ಎರಡೇ ಮನೆ ಖಾಲಿ ಇರುವ ಟೇಬಲ್‌ನಲ್ಲಿ ಹುಡುಕುವುದು

ನಮ್ಮ ಟೇಬಲ್‌ನಲ್ಲಿ 9 ರಿಂದ ಶುರುವಾಗಿ 10, 0 ದಾಟಿ 6 ರವರೆಗೆ ಒಂಬತ್ತು ಮನೆ ಒಂದೇ ಸಾಲಾಗಿ ತುಂಬಿವೆ. ಈಗ 21 ಇದೆಯೇ ಎಂದು ಹುಡುಕಿ. ಸ್ವಂತ ಮನೆ 9. ಅಲ್ಲಿಂದ ಒಂಬತ್ತು ತುಂಬಿದ ಮನೆ ನೋಡಿ, ಹತ್ತನೆಯದಾಗಿ 7 ಖಾಲಿ ಎಂದು ಕಂಡ ಮೇಲೆಯೇ "ಇಲ್ಲ" ಎನ್ನಬಹುದು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1963 ರಲ್ಲಿ ಈ ವಿಧಾನವನ್ನು ಗಣಿತದಿಂದ ಅಳೆದಾಗ ಸಿಕ್ಕ ಸೂತ್ರದ ಪ್ರಕಾರ, ದೊಡ್ಡ ಟೇಬಲ್ ಅರ್ಧ ತುಂಬಿದ್ದರೆ ಇಲ್ಲದ ಕೀಯನ್ನು ಹುಡುಕಲು ಸರಾಸರಿ 2.5 ಪ್ರೋಬ್ ಸಾಕು. 90 ಶೇಕಡಾ ತುಂಬಿದ್ದರೆ ಸುಮಾರು 50 ಬೇಕು. ಹಾಗಾಗಿ ನಿಜವಾದ ಪ್ರೋಗ್ರಾಂಗಳಲ್ಲಿ ಟೇಬಲ್ ಇಷ್ಟು ತುಂಬಲು ಬಿಡುವುದಿಲ್ಲ. ಮೊದಲೇ ದೊಡ್ಡ ಟೇಬಲ್ ಮಾಡಿ ಎಲ್ಲ ಕೀಗಳನ್ನೂ ಹೊಸದಾಗಿ ಹ್ಯಾಶ್ ಮಾಡಿ ಕೂರಿಸುತ್ತಾರೆ.

ಪ್ರಶ್ನೆಯ ಕೊನೆಯಲ್ಲಿ "14 ನ್ನು ತೆಗೆದು ಆಮೇಲೆ 54 ಹುಡುಕಿ" ಎಂದಿದ್ದರೆ 0 ನೇ ಮನೆಯನ್ನು ಸುಮ್ನೆ ಅಳಿಸಬೇಡಿ. ಅಳಿಸಿದರೆ 54 ನ್ನು ಹುಡುಕುವಾಗ 9, 10 ನೋಡಿ, 0 ಖಾಲಿ ಎಂದು ಅಲ್ಲೇ ನಿಂತು, 2 ರಲ್ಲಿ ಕೂತಿರುವ 54 ನ್ನು ಇಲ್ಲ ಎನ್ನುತ್ತೀರಿ. ಆ ಮನೆಗೆ "ತೆಗೆದದ್ದು" ಎಂದು ಗುರುತು ಹಾಕಿ. ಕೋಡ್‌ನಲ್ಲಿ -2 ಇಟ್ಟರೂ ಆಯಿತು. ಹುಡುಕುವಾಗ ಅದನ್ನು ತುಂಬಿದ ಮನೆಯಂತೆ ದಾಟಿ ಹೋಗಬೇಕು. ಹೊಸ ಕೀ ಹಾಕುವಾಗ ಅದನ್ನು ಖಾಲಿ ಮನೆಯಂತೆ ಬಳಸಬಹುದು. ಅದಕ್ಕೆ ಮೇಲಿನ ಫಂಕ್ಷನ್‌ನಲ್ಲಿ `ht[j] == -1` ಇರುವ ಜಾಗದಲ್ಲಿ `ht[j] < 0` ಎಂದು ಬರೆದರೆ ಸಾಕು. ಕೀಗಳೆಲ್ಲ ಸೊನ್ನೆ ಅಥವಾ ಅದಕ್ಕಿಂತ ದೊಡ್ಡವು ಆಗಿದ್ದಾಗ ಮಾತ್ರ ಇದು ನಡೆಯುತ್ತದೆ.